ಎಕ್ಸ್‌ಪೈರಿ ದಿನಾಂಕದ ಪಕ್ಕದ ಸಾಲು

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಒಂದು ಚುಚ್ಚುಮದ್ದು ಬೀಳುತ್ತದೆ. ಅದು ಹತ್ತು ಯೂನಿಟ್ ಆಕ್ಸಿಟೋಸಿನ್. ಮಾಸು ಕಳಚಿಕೊಂಡ ಜಾಗದಲ್ಲಿ ಗರ್ಭಕೋಶದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಅದರ ಸ್ನಾಯುಗಳೇ ಆ ನಾಳಗಳನ್ನು ಬಿಗಿದು ರಕ್ತ ನಿಲ್ಲಿಸುತ್ತವೆ. ಮುದುಡದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ. ಆಕ್ಸಿಟೋಸಿನ್ ಕೆಲಸ ಗರ್ಭಕೋಶವನ್ನು ಮುದುಡಿಸುವುದು.

ಆ ಪುಟ್ಟ ಗಾಜಿನ ಆಂಪೂಲ್ ಬಂದ ಡಬ್ಬಿಯ ಮೇಲೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂದು ಬರೆದಿರುತ್ತದೆ. ಇದೇ ಕೆಲಸಕ್ಕೆ ಬಳಸುವ ಇನ್ನೊಂದು ಚುಚ್ಚುಮದ್ದು ಮಿಥೈಲ್ ಎರ್ಗೊಮೆಟ್ರಿನ್. ಅದರ ಡಬ್ಬಿಯ ಮೇಲೆ ತಣ್ಣನೆಯ ಜಾಗದ ಜೊತೆಗೆ ಇನ್ನೊಂದು ಸೂಚನೆಯೂ ಇದೆ: ಬೆಳಕು ಬೀಳದಂತೆ ಕಾಪಾಡಿ. ಮೂರನೆಯದು ಮಿಸೊಪ್ರೊಸ್ಟಾಲ್ ಮಾತ್ರೆ. ಅದಕ್ಕೆ ಫ್ರಿಜ್ ಬೇಕಿಲ್ಲ, ಆದರೆ ತೇವ ತಾಗಬಾರದು. ಬಳಸುವ ಗಳಿಗೆಯವರೆಗೂ ಅಲ್ಯೂಮಿನಿಯಂ ಪೊರೆಯೊಳಗೇ ಇರಬೇಕು. ಮಾಡುವ ಕೆಲಸ ಒಂದೇ ಆದರೂ ಮೂರನ್ನೂ ಇಡುವ ರೀತಿ ಬೇರೆ ಬೇರೆ. ಮನೆಯ ಕಪಾಟಿನಲ್ಲಿರುವ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಇನ್ಸುಲಿನ್, ಮಕ್ಕಳ ಸಿರಪ್ ಇವುಗಳ ಮೇಲಿನ ಸೂಚನೆಗಳ ಹಿಂದಿರುವುದೂ ಇವೇ ಕಾರಣಗಳು. ಹೆರಿಗೆ ಕೋಣೆಯ ಈ ಮೂರು ಔಷಧಗಳನ್ನು ಅರ್ಥಮಾಡಿಕೊಂಡರೆ ಉಳಿದವು ತಾವಾಗಿ ತಿಳಿಯುತ್ತವೆ.

ಔಷಧ ಕೊಳ್ಳುವಾಗ ಎಲ್ಲರೂ ನೋಡುವುದು ಎಕ್ಸ್‌ಪೈರಿ ದಿನಾಂಕವನ್ನು. ಅದು ನಿರ್ಧಾರವಾಗುವ ಬಗೆ ತಿಳಿದರೆ ಪಕ್ಕದ ಸಾಲಿಗೆ ಎಷ್ಟು ತೂಕವಿದೆ ಎಂದು ಗೊತ್ತಾಗುತ್ತದೆ. ತಯಾರಕರು ತಮ್ಮ ಔಷಧವನ್ನು ಮಾರುವ ಪೊಟ್ಟಣದಲ್ಲೇ ಇಟ್ಟು, ಒಂದೇ ಉಷ್ಣತೆಯ ಕೋಣೆಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡುತ್ತಾರೆ. ಕೋಣೆಯ ಉಷ್ಣತೆ ಸಾಮಾನ್ಯವಾಗಿ 25 ಇಲ್ಲವೇ 30 ಡಿಗ್ರಿ. ಇನ್ನೊಂದು ಕಂತನ್ನು 40 ಡಿಗ್ರಿ ಬಿಸಿ, ನೂರಕ್ಕೆ 75ರಷ್ಟು ತೇವಾಂಶದಲ್ಲಿ ಆರು ತಿಂಗಳು ಇಡುತ್ತಾರೆ. ನಿಗದಿತ ಅಂತರದಲ್ಲಿ ತೆಗೆದು ಅದರಲ್ಲಿ ಔಷಧದ ಅಂಶ ಎಷ್ಟು ಉಳಿದಿದೆ, ಒಡೆದ ಚೂರುಗಳು ಎಷ್ಟು ಸೇರಿವೆ ಎಂದು ಅಳೆಯುತ್ತಾರೆ. ಬಹುತೇಕ ಮಾತ್ರೆಗಳಲ್ಲಿ ಬರೆದ ಪ್ರಮಾಣದ 90 ಶೇಕಡಾಕ್ಕಿಂತ ಕಡಿಮೆಯಾದರೆ ಅದು ಅನುತ್ತೀರ್ಣ. ಎಷ್ಟು ಕಾಲ ಆ ಗೆರೆಯ ಮೇಲಿರುತ್ತದೋ ಅಷ್ಟು ಕಾಲವನ್ನು ಆಯುಷ್ಯವೆಂದು ಮುದ್ರಿಸುತ್ತಾರೆ.

ಎಂದರೆ ‘30 ಡಿಗ್ರಿಗಿಂತ ಕೆಳಗೆ ಇಡಿ’ ಎಂಬ ಸಾಲು ಆ ದಿನಾಂಕದ ಷರತ್ತು. ಷರತ್ತು ಮುರಿದ ಮೇಲೆ ದಿನಾಂಕಕ್ಕೆ ಯಾರೂ ಹೊಣೆಯಲ್ಲ. ಭಾರತದ 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಪಿ ಎಂಬ ಅನುಬಂಧವೇ ಇದೆ. ಅಲ್ಲಿ ಔಷಧಗಳ ಆಯುಷ್ಯವನ್ನೂ ಅವನ್ನು ಇಡಬೇಕಾದ ರೀತಿಯನ್ನೂ ಅಕ್ಕಪಕ್ಕದಲ್ಲೇ ಬರೆದಿದ್ದಾರೆ, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ.

ಈ ಸಾಲುಗಳು ನಮ್ಮಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲೇ, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣ ಅಕ್ಷರದಲ್ಲಿರುತ್ತವೆ. ‘ಕೂಲ್ ಪ್ಲೇಸ್’ ಎಂದು ಬರೆದಿದ್ದರೆ ಅನೇಕರು ಔಷಧವನ್ನು ನೇರ ಫ್ರಿಜ್ಜಿಗೆ ಸೇರಿಸುತ್ತಾರೆ. ಔಷಧಶಾಸ್ತ್ರದಲ್ಲಿ ಅದರ ಅರ್ಥ 25 ಡಿಗ್ರಿ ಮೀರದ, ಫ್ರಿಜ್ಜಿನಷ್ಟು ತಣ್ಣಗಿರದ ಜಾಗ. ಫ್ರಿಜ್ ಬೇಕಾದ ಔಷಧದ ಮೇಲೆ 2ರಿಂದ 8 ಡಿಗ್ರಿ ಎಂದು ಅಂಕಿಯಲ್ಲೇ ಇರುತ್ತದೆ. ಅಂಕಿ ಓದಲು ಇಂಗ್ಲಿಷ್ ಬೇಕಿಲ್ಲ. ಡಬ್ಬಿ ಕೈಗೆ ಬಂದ ಕೂಡಲೇ ಮೊದಲು ಆ ಅಂಕಿಯನ್ನು ಹುಡುಕಬೇಕು.

ಈಗ ಬಿಸಿಯ ವಿಷಯ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳು ಸೇರಿ ಆದ ಚಿಕ್ಕ ಸರಪಳಿ. ಅದರ ಒಂದು ಭಾಗ ಗಂಧಕದ ಕೊಂಡಿಯಿಂದ ಉಂಗುರದಂತೆ ಸುತ್ತಿಕೊಂಡಿದೆ. ವಿನ್ಸೆಂಟ್ ಡು ವಿನ್ಯೋ ಎಂಬ ಅಮೆರಿಕದ ರಸಾಯನ ವಿಜ್ಞಾನಿ 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದರು, 1955ರಲ್ಲಿ ನೊಬೆಲ್ ಪಡೆದರು. ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿ ಈ ಸರಪಳಿಗೆ ಬಿಸಿ ತಾಗಿದಾಗ ಆ ಕೊಂಡಿಗಳು ಬಿಟ್ಟುಕೊಂಡು ಪಕ್ಕದ ಅಣುಗಳ ಜೊತೆ ತಪ್ಪಾಗಿ ಬೆಸೆದುಕೊಳ್ಳುತ್ತವೆ. ಹಾಗಾದ ಅಣುವನ್ನು ಗರ್ಭಕೋಶ ಗುರುತಿಸುವುದಿಲ್ಲ.

1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಷ್ಣವಲಯದ ದೇಶಗಳಿಗಾಗಿ ಈ ಔಷಧಗಳನ್ನು ಪರೀಕ್ಷೆಗೆ ಒಡ್ಡಿತು. ಫ್ರಿಜ್ಜಿನಲ್ಲಿದ್ದ ಆಕ್ಸಿಟೋಸಿನ್ ವರ್ಷ ಕಳೆದರೂ ಹಾಗೆಯೇ ಇತ್ತು. 30 ಡಿಗ್ರಿಯಲ್ಲಿ ಒಂದು ವರ್ಷಕ್ಕೆ ಸುಮಾರು 14 ಶೇಕಡಾ ಸತ್ವ ಹೋಗಿತ್ತು. 40 ಡಿಗ್ರಿಯಲ್ಲಿ ಹೋದದ್ದು ಸುಮಾರು 80 ಶೇಕಡಾ. ಹತ್ತೇ ಡಿಗ್ರಿಯ ಏರಿಕೆಗೆ ಇಷ್ಟು ವ್ಯತ್ಯಾಸ ಹೇಗೆ? ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದರು: ಬಿಸಿ ಸಮಸಮವಾಗಿ ಏರಿದರೂ ರಾಸಾಯನಿಕ ಕ್ರಿಯೆಯ ವೇಗ ಪಟ್ಟು ಪಟ್ಟಾಗಿ ಏರುತ್ತದೆ. ಸಾಮಾನ್ಯ ಅಂದಾಜಿನಲ್ಲಿ ಪ್ರತಿ ಹತ್ತು ಡಿಗ್ರಿಗೆ ಎರಡರಿಂದ ನಾಲ್ಕು ಪಟ್ಟು, ಕೆಲವು ಔಷಧಗಳಲ್ಲಿ ಇನ್ನೂ ಹೆಚ್ಚು.

ಆದರೆ ಬಿಸಿಯ ಹಾನಿಗೆ ಒಂದು ಗುಣವಿದೆ. ಅದು ಸಾಲದ ಮೇಲಿನ ಬಡ್ಡಿಯ ಹಾಗೆ ದಿನ ದಿನವೂ ಸೇರುತ್ತಾ ಹೋಗುತ್ತದೆ. ಮಾತ್ರೆಯ ಸ್ಟ್ರಿಪ್ ಒಂದು ಮಧ್ಯಾಹ್ನ 36 ಡಿಗ್ರಿಯ ಕೋಣೆಯಲ್ಲಿತ್ತು ಎಂಬ ಕಾರಣಕ್ಕೆ ಎಸೆಯಬೇಕಿಲ್ಲ. ತಯಾರಕರೂ ಅಂಥ ಸಣ್ಣ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಂಡೇ ದಿನಾಂಕ ಹಾಕುತ್ತಾರೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳಿಡೀ 40 ದಾಟುವ ಹಗಲುಗಳಲ್ಲಿ ತಗಡಿನ ಮಾಡಿನ ಕೆಳಗೋ, ಪಶ್ಚಿಮದ ಗೋಡೆಗೆ ತಾಗಿದ ಕಪಾಟಿನಲ್ಲೋ ಎರಡು ತಿಂಗಳು ಇದ್ದ ಔಷಧದ ಕಥೆ ಬೇರೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತುರ್ತಿಗೆಂದು ಇಟ್ಟ ಎದೆನೋವಿನ ಮಾತ್ರೆ ತುರ್ತಿನ ಹೊತ್ತಿಗೆ ಕೈಕೊಡುವುದು ಹೀಗೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಡು, ಟಿವಿಯ ಮೇಲ್ಭಾಗ, ಫ್ರಿಜ್ಜಿನ ನೆತ್ತಿ ಇವೂ ಮನೆಯ ಉಳಿದ ಭಾಗಕ್ಕಿಂತ ಬಿಸಿಯಾಗಿರುವ ಜಾಗಗಳೇ. ಮಲಗುವ ಕೋಣೆಯಲ್ಲಿ ಬಿಸಿಲು ತಾಗದ ಒಳಗೋಡೆಯ ಕಪಾಟಿನ ಕೆಳ ಅರೆ ಬಹುತೇಕ ಮಾತ್ರೆಗಳಿಗೆ ಸಾಕು.

ಮಿಥೈಲ್ ಎರ್ಗೊಮೆಟ್ರಿನ್ ಕಡೆಗೆ ಬಂದರೆ ಶತ್ರು ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಪರೀಕ್ಷೆಯಲ್ಲಿ ಇದರ ಹತ್ತಿರದ ಬಂಧುವಾದ ಎರ್ಗೊಮೆಟ್ರಿನ್, ತಣ್ಣಗೆ ಕತ್ತಲಲ್ಲಿ ಇದ್ದಾಗ ವರ್ಷಕ್ಕೆ ಸುಮಾರು 5 ಶೇಕಡಾ ಮಾತ್ರ ಕಳೆದುಕೊಂಡಿತ್ತು. 21ರಿಂದ 25 ಡಿಗ್ರಿಯ ಹಿತವಾದ ಕೋಣೆಯಲ್ಲೇ ಬೆಳಕಿಗೆ ತೆರೆದಿಟ್ಟಾಗ ಒಂದು ತಿಂಗಳಲ್ಲಿ ಸುಮಾರು 21 ಶೇಕಡಾ, ವರ್ಷದಲ್ಲಿ 90 ಶೇಕಡಾಕ್ಕೂ ಹೆಚ್ಚು ಹೋಯಿತು. ಬೆಳಗ್ಗೆ ಅಗತ್ಯಕ್ಕೆಂದು ಡಬ್ಬಿಯಿಂದ ಹೊರತೆಗೆದು, ಟ್ರೇಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಜೋಡಿಸಿ, ಬಳಕೆಯಾಗದೆ ಉಳಿದದ್ದನ್ನು ಮರುದಿನಕ್ಕೂ ಅಲ್ಲೇ ಬಿಡುವ ಅಭ್ಯಾಸ ಎಷ್ಟು ದುಬಾರಿಯೆಂದು ಈ ಅಂಕಿಗಳು ಹೇಳುತ್ತವೆ. ಬೇಕಾದಾಗ ಬೇಕಾದಷ್ಟನ್ನೇ ಡಬ್ಬಿಯಿಂದ ತೆಗೆಯುವುದು ಸರಿಯಾದ ಕ್ರಮ.

ಬೆಳಕು ಮಾಡುವ ಕೆಲಸ ಬಿಸಿಯದಕ್ಕಿಂತ ಭಿನ್ನ. ಬಿಸಿ ಎಲ್ಲ ಅಣುಗಳನ್ನೂ ನಿಧಾನವಾಗಿ ಅಲುಗಾಡಿಸುತ್ತದೆ. ಬೆಳಕು ತನ್ನನ್ನು ಹೀರುವ ಅಣುವನ್ನೇ ಹುಡುಕಿ ಅದರ ನಿರ್ದಿಷ್ಟ ಬಂಧವನ್ನು ಹೊಡೆಯುತ್ತದೆ. ಬಿಪಿಗೆ ಕೊಡುವ ನಿಫೆಡಿಪಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪುಡಿ ಹಳದಿ. ನೀಲಿ ಬೆಳಕನ್ನು ಹೀರಿಕೊಳ್ಳುವ ವಸ್ತು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಹೀರಿದ ಆ ನೀಲಿಯೇ ನಿಫೆಡಿಪಿನ್ನಿನ ನೈಟ್ರೋ ಗುಂಪನ್ನು ಒಡೆಯುತ್ತದೆ. ದ್ರವರೂಪದಲ್ಲಿದ್ದರೆ ಕೋಣೆಯ ಸಾಮಾನ್ಯ ಬೆಳಕಿಗೇ ಅದು ಬೇಗ ನಾಶವಾಗುತ್ತದೆ. ಮಾತ್ರೆಯ ಮೇಲಿನ ಬಣ್ಣದ ಲೇಪ ಬರೀ ಅಂದಕ್ಕಲ್ಲ, ಅದು ಬೆಳಕಿಗೆ ಹಾಕಿದ ಪರದೆ. ನುಂಗಲು ಸುಲಭವೆಂದು ಇಂಥ ಮಾತ್ರೆಯನ್ನು ಬೆಳಗ್ಗೆಯೇ ಪುಡಿಮಾಡಿ ಬಟ್ಟಲಲ್ಲಿ ಇಟ್ಟರೆ ಆ ಪರದೆ ಹರಿದಂತೆ.

ಕಂದು ಬಣ್ಣದ ಬಾಟಲಿಯ ರಹಸ್ಯವೂ ಇಷ್ಟೇ. ಆ ಗಾಜು ಅತಿನೇರಳೆ ಕಿರಣಗಳನ್ನೂ ನೀಲಿಯನ್ನೂ ತಡೆದು ಹಳದಿ, ಕೆಂಪನ್ನು ಒಳಗೆ ಬಿಡುತ್ತದೆ. ಕೆಂಪು ಬೆಳಕಿಗೆ ಹೆಚ್ಚಿನ ಔಷಧಗಳನ್ನು ಒಡೆಯುವ ಬಲವಿಲ್ಲ. ನೂರು ಮಾತ್ರೆಯ ಥೈರಾಯ್ಡ್ ಬಾಟಲಿಯಿಂದ ಮಾತ್ರೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಕಿಟಕಿಯ ಬಳಿ ಇಡುವವರು ಆ ರಕ್ಷಣೆಯನ್ನು ತಾವೇ ತೆಗೆದುಹಾಕುತ್ತಾರೆ. ಥೈರಾಕ್ಸಿನ್ ಬೆಳಕು, ಬಿಸಿ, ತೇವ ಮೂರಕ್ಕೂ ಸೋಲುವ ಔಷಧ. ಅದರ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು, ಅಲ್ಪ ವ್ಯತ್ಯಾಸವೂ ರಕ್ತ ಪರೀಕ್ಷೆಯಲ್ಲಿ ಕಾಣಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಇದೊಂದಕ್ಕಾಗಿ ನಿಯಮ ಬಿಗಿಗೊಳಿಸಿ, ಆಯುಷ್ಯ ಮುಗಿಯುವವರೆಗೂ ಬರೆದ ಪ್ರಮಾಣದ 95 ಶೇಕಡಾಕ್ಕಿಂತ ಕೆಳಗೆ ಇಳಿಯಕೂಡದು ಎಂದಿತು.

ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕೆಲವೊಮ್ಮೆ ಡ್ರಿಪ್ ಬಾಟಲಿಗೆ ಅಲ್ಯೂಮಿನಿಯಂ ಹಾಳೆಯನ್ನೋ ಕಪ್ಪು ಕಾಗದವನ್ನೋ ಸುತ್ತಿರುತ್ತಾರೆ. ಒಳಗಿರುವುದು ಸೋಡಿಯಂ ನೈಟ್ರೊಪ್ರಸೈಡ್ ಇರಬಹುದು. ವಿಪರೀತ ಏರಿದ ರಕ್ತದೊತ್ತಡವನ್ನು ನಿಮಿಷಗಳಲ್ಲಿ ಇಳಿಸುವ ಈ ಔಷಧದ ಅಣುವಿನಲ್ಲಿ ಕಬ್ಬಿಣದ ಸುತ್ತ ಐದು ಸಯನೈಡ್ ಗುಂಪುಗಳಿವೆ. ಬೆಳಕು ಬಿದ್ದರೆ ಅವು ಬಿಡುಗಡೆಯಾಗತೊಡಗುತ್ತವೆ. ಮಸುಕು ಕಂದು ಬಣ್ಣದ ದ್ರಾವಣ ನೀಲಿಗೋ ಹಸಿರಿಗೋ ಕಡುಗೆಂಪಿಗೋ ತಿರುಗಿದರೆ ಅದನ್ನು ತಕ್ಷಣ ಚೆಲ್ಲಬೇಕು. ರೋಗಿಯ ಕಡೆಯವರು ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಆ ಸುತ್ತನ್ನು ಬಿಚ್ಚಬಾರದು.

ಮೂರನೆಯ ಔಷಧ ಮಿಸೊಪ್ರೊಸ್ಟಾಲ್‌ಗೂ ಕರ್ನಾಟಕಕ್ಕೂ ನೇರ ನಂಟಿದೆ. ಆಕ್ಸಿಟೋಸಿನ್ ಎಷ್ಟೇ ಒಳ್ಳೆಯದಾದರೂ ಫ್ರಿಜ್ ಮತ್ತು ಸೂಜಿ ಬೇಡುತ್ತದೆ. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾಗುವ ಹಳ್ಳಿಯಲ್ಲಿ ಅವೆರಡೂ ಇಲ್ಲದಿದ್ದರೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಬೆಳಗಾವಿ ಜಿಲ್ಲೆಯಲ್ಲಿ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 1,620 ಮಹಿಳೆಯರು ಭಾಗವಹಿಸಿದ ಪ್ರಯೋಗದಲ್ಲಿ, ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ ಕೊಟ್ಟರು. ಹೆರಿಗೆಯ ನಂತರದ ಅತಿ ರಕ್ತಸ್ರಾವ 12 ಶೇಕಡಾದಿಂದ 6.4 ಶೇಕಡಾಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಫ್ರಿಜ್ ಇಲ್ಲದ ಊರುಗಳಿಗೆ ದಾರಿ ತೋರಿಸಿತು.

ಹಾಗೆಂದು ಈ ಮಾತ್ರೆಯನ್ನು ಹೇಗೆ ಬೇಕಾದರೂ ಇಡಬಹುದೆಂದಲ್ಲ. ಶುದ್ಧ ಮಿಸೊಪ್ರೊಸ್ಟಾಲ್ ಮಂದವಾದ ಎಣ್ಣೆ, ಮಾಮೂಲಿ ಉಷ್ಣತೆಯಲ್ಲೇ ಕೆಡುವ ಸ್ವಭಾವದ್ದು. ಅದನ್ನು ಒಂದು ಬಗೆಯ ಸೆಲ್ಯುಲೋಸ್ ಪುಡಿಯಲ್ಲಿ ಹರಡಿ ಸ್ಥಿರಗೊಳಿಸಿ ಮಾತ್ರೆ ಮಾಡುತ್ತಾರೆ. ಆ ಪುಡಿ ಗಾಳಿಯ ತೇವ ಹೀರಿದರೆ ಸ್ಥಿರತೆ ಮುರಿದು ಔಷಧ ಒಡೆಯುತ್ತದೆ. ಮಾತ್ರೆ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ ಪೊರೆಯ ಮೂಲಕ ತೇವ ನಿಧಾನವಾಗಿ ನುಸುಳುತ್ತದೆ. ಎರಡೂ ಕಡೆ ಅಲ್ಯೂಮಿನಿಯಂ ಇರುವ ಪೊಟ್ಟಣದೊಳಗೆ ಅದು ಹೋಗಲಾರದು. ಇಂಥ ಮಾತ್ರೆಯನ್ನು ಮೊದಲೇ ಪೊರೆಯಿಂದ ಬಿಡಿಸಿ ಕಾಗದದಲ್ಲಿ ಮಡಚಿ ಕೊಟ್ಟರೆ ಮಾತ್ರೆ ಉಳಿದರೂ ಸತ್ವ ಉಳಿಯದು.

ಮೆಡಿಕಲ್ ಶಾಪ್‌ಗಳಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ತುಂಡರಿಸಿ ನಾಲ್ಕು ಮಾತ್ರೆ ಕೊಡುವುದು ನಮ್ಮಲ್ಲಿ ಎಲ್ಲೆಡೆ ಇರುವ ರೂಢಿ. ಕತ್ತರಿ ಮಾತ್ರೆಯ ಗುಳಿಗೆ ತಾಗಿದರೆ ತೇವ ಒಳಗೆ ಹೋಗಲು ದಾರಿಯಾಗುತ್ತದೆ. ಇಡುವ ರೀತಿಯನ್ನು ಬರೆದ ಸಾಲೂ ದಿನಾಂಕವೂ ಅಂಗಡಿಯವರ ಕೈಯಲ್ಲಿರುವ ತುಂಡಿನಲ್ಲೇ ಉಳಿದುಬಿಡುತ್ತವೆ. ಅದನ್ನು ತೋರಿಸಲು ಕೇಳಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದು ಸುಲಭದ ಪರಿಹಾರ. ವಾರದ ಮಾತ್ರೆಗಳನ್ನು ದಿನವಾರು ಖಾನೆಯ ಡಬ್ಬಿಗೆ ತುಂಬುವವರು ಪೊರೆ ಬಿಡಿಸದೆ, ಒಂದೊಂದು ಮಾತ್ರೆಯ ಸುತ್ತಲೂ ಅಂಚು ಉಳಿಯುವಂತೆ ಕತ್ತರಿಸಿ ಇಡಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಾಟಲಿಯೊಳಗಿರುವ ಸಣ್ಣ ಬಿಳಿ ಪೊಟ್ಟಣವೋ ಉರುಟು ಡಬ್ಬಿಯೋ ತೇವ ಹೀರಲೆಂದೇ ಇಟ್ಟದ್ದು. ಅದನ್ನು ಎಸೆಯಬಾರದು.

ಬಿಸಿ ಕೆಡುಕೆಂದಾದರೆ ತಂಪು ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯುವುದು ಸಹಜ. ಇನ್ಸುಲಿನ್ ಇಟ್ಟುಕೊಂಡ ಮನೆಗಳಲ್ಲಿ ಆಗುವ ದೊಡ್ಡ ಅನಾಹುತ ಈ ತಿಳಿವಳಿಕೆಯಿಂದಲೇ. 2ರಿಂದ 8 ಎಂಬುದರಲ್ಲಿ 8ರಷ್ಟೇ ಮುಖ್ಯವಾದದ್ದು 2. ಬಿಸಿಯ ಹಾನಿ ದಿನಗಟ್ಟಲೆ ಸೇರಿಕೊಂಡು ಬಂದರೆ, ಹೆಪ್ಪುಗಟ್ಟುವ ಹಾನಿಗೆ ಒಂದು ರಾತ್ರಿ ಸಾಕು. ಹಾಲಿನಂತೆ ಮಸುಕಾಗಿರುವ ಇನ್ಸುಲಿನ್‌ನಲ್ಲಿ ಔಷಧ ಸೂಕ್ಷ್ಮ ಹರಳುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಆ ಹರಳುಗಳು ಒಂದಕ್ಕೊಂದು ಒತ್ತಿ ಗಂಟುಕಟ್ಟುತ್ತವೆ. ಮಂಜು ಕರಗಿದ ಮೇಲೂ ಗಂಟು ಬಿಡುವುದಿಲ್ಲ. ಆಗ ಒಂದು ಸಿರಿಂಜಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಔಷಧ ಬರುತ್ತದೆ, ಸಕ್ಕರೆಯ ಮಟ್ಟ ಕಾರಣವಿಲ್ಲದೆ ಏರಿಳಿಯುತ್ತದೆ. ಹೀಗಾಗಿ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕಣ್ಣಿಗೆ ಚೆನ್ನಾಗಿ ಕಂಡರೂ ಬಳಸಬಾರದು.

ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯ ಕೆಳಗಿನ ಅರೆಯೂ, ಹಿಂಗೋಡೆಗೆ ತಾಗಿದ ಜಾಗವೂ ಶೂನ್ಯದ ಹತ್ತಿರ ಹೋಗುತ್ತವೆ. ಅಲ್ಲಿಟ್ಟ ಕೊತ್ತಂಬರಿ ಸೊಪ್ಪು ಕಪ್ಪಗಾಗಿ ನೀರೊಡೆದಿದ್ದರೆ ಅದು ಔಷಧಕ್ಕೆ ತಕ್ಕ ಜಾಗವಲ್ಲ. ಬಾಗಿಲಿನ ಅರೆ ತೆರೆದಾಗಲೆಲ್ಲ ಬಿಸಿಯಾಗುತ್ತದೆ. ನಡುವಿನ ಅರೆಯಲ್ಲಿ, ಹಿಂಗೋಡೆಯಿಂದ ನಾಲ್ಕು ಬೆರಳು ಈಚೆಗೆ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಇಡುವುದು ಕ್ಷೇಮ. ಫ್ರಿಜ್ ಎಷ್ಟು ತಣ್ಣಗಿದೆ ಎಂದು ತಿಳಿಯಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಅದೇ ಅರೆಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಕೋಣೆಯ ಅಥವಾ ಫ್ರಿಜ್ಜಿನ ಉಷ್ಣತೆ ತೋರಿಸುವಂಥದ್ದು ಬೇಕು.

ಬಳಕೆಯಲ್ಲಿರುವ ವಯಲ್ ಅಥವಾ ಪೆನ್ನಿಗೆ ಫ್ರಿಜ್ ಕಡ್ಡಾಯವಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ತೆರೆದ ಇನ್ಸುಲಿನ್ನನ್ನು ಹೆಚ್ಚಿನ ತಯಾರಕರು 25 ಅಥವಾ 30 ಡಿಗ್ರಿಗಿಂತ ಕೆಳಗೆ ಸಾಮಾನ್ಯವಾಗಿ 28 ದಿನ ಹೊರಗಿಡಲು ಒಪ್ಪುತ್ತಾರೆ. ಕೆಲವಕ್ಕೆ ಅವಧಿ ಹೆಚ್ಚು, ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿರುತ್ತದೆ. ಉತ್ತರ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ರಾತ್ರಿ 25, ಹಗಲು 37 ಡಿಗ್ರಿಯವರೆಗೆ ಏರಿಳಿಯುವ ಗುಡಿಸಲುಗಳ ಉಷ್ಣತೆಯನ್ನು ದಾಖಲಿಸಿ, ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ‘ಗಡಿರಹಿತ ವೈದ್ಯರು’ ಸಂಘಟನೆಯೊಂದಿಗೆ ಅದೇ ಏರಿಳಿತದಲ್ಲಿ ಇನ್ಸುಲಿನ್ನನ್ನು ನಾಲ್ಕು ವಾರ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಹೋಲಿಸಿದರೆ ಅದರ ಸತ್ವದಲ್ಲಿ ಕುಂದಿದ್ದು ಒಂದು ಶೇಕಡಾದೊಳಗೆ. ಫ್ರಿಜ್ ಇಲ್ಲದ ಬಡ ಮನೆಯವರಿಗೂ ಇನ್ಸುಲಿನ್ ಕೊಡಬಹುದೆಂಬ ಧೈರ್ಯ ಇದರಿಂದ ಬಂತು. ಆದರೆ ಈ ಮಾತು ನಾಲ್ಕು ವಾರಗಳಿಗೆ, ನೆರಳಿನ ಮನೆಗೆ ಸೀಮಿತ. ಬಿಸಿಲಲ್ಲಿ ನಿಂತ ಕಾರಿಗೆ ಅನ್ವಯಿಸದು. ತೆರೆಯದ ವಯಲ್‌ಗಳು ಫ್ರಿಜ್ಜಿನಲ್ಲೇ ಇರಲಿ.

ಬಿಸಿಲಿನ ಊರುಗಳಲ್ಲಿ ಮಣ್ಣಿನ ಮಡಕೆಯೂ ನೆರವಿಗೆ ಬರುತ್ತದೆ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ವಯಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗಿಟ್ಟರೆ ಹಲವು ಡಿಗ್ರಿ ಕಡಿಮೆಯಾಗುತ್ತದೆ, ಹೆಪ್ಪುಗಟ್ಟುವ ಭಯವೂ ಇಲ್ಲ. ಗಾಳಿ ಒಣಗಿರುವ ವಿಜಯಪುರದಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಗಾಳಿಯೇ ತೇವವಾಗಿರುವ ಮಂಗಳೂರಿನ ಜೂನ್‌ನಲ್ಲಿ ಅಷ್ಟು ನಡೆಯದು. ಪ್ರಯಾಣದಲ್ಲಿ ಐಸ್ ಪ್ಯಾಕಿಗೆ ಇನ್ಸುಲಿನ್ ನೇರವಾಗಿ ತಾಗದಂತೆ ನಡುವೆ ದಪ್ಪ ಬಟ್ಟೆ ಬೇಕು. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಬೇಕು. ಕೆಳಗಿನ ಸಾಮಾನು ಕೋಣೆಯಲ್ಲಿ ಅದು ಹೆಪ್ಪುಗಟ್ಟಬಹುದು.

ಫ್ರಿಜ್ಜಿಗೆ ಹೋಗಬಾರದ ಔಷಧಗಳೂ ಇವೆ. ಮಾತ್ರೆಗಳನ್ನು ತಣ್ಣನೆಯ ಜಾಗದಿಂದ ಪದೇ ಪದೇ ಹೊರತೆಗೆದಾಗ ಅವುಗಳ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಕೆಲವು ಸಿರಪ್‌ಗಳು ಗಟ್ಟಿಯಾಗಿ ತಳ ಹಿಡಿಯುತ್ತವೆ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇದಕ್ಕೆ ತದ್ವಿರುದ್ಧ. ಒಣ ಪುಡಿಯಾಗಿದ್ದಾಗ ಕಪಾಟಿನಲ್ಲಿ ವರ್ಷಗಟ್ಟಲೆ ಇರಬಲ್ಲದು, ನೀರು ಬೆರೆಸಿದ ಗಳಿಗೆಯಿಂದ ಕ್ಲಾವುಲನೇಟ್ ಒಡೆಯತೊಡಗುತ್ತದೆ. ಅದಕ್ಕೇ ಫ್ರಿಜ್ಜಿನಲ್ಲಿಟ್ಟು ಏಳು ದಿನಗಳೊಳಗೆ ಮುಗಿಸಬೇಕೆಂಬ ಸೂಚನೆ. ಉಳಿದದ್ದನ್ನು ಮುಂದಿನ ತಿಂಗಳ ಕೆಮ್ಮಿಗೆ ಎತ್ತಿಟ್ಟರೆ ಮಗುವಿಗೆ ಹೋಗುವುದು ಅರೆಬರೆ ಔಷಧ.

ಕೆಟ್ಟ ಔಷಧದಿಂದ ಏನಾಗುತ್ತದೆ? ಹೆಚ್ಚಿನ ಸಲ ಅದು ವಿಷವಾಗುವುದಿಲ್ಲ, ದುರ್ಬಲವಾಗುತ್ತದೆ. ಅಪವಾದಗಳೂ ಇವೆ. 1963ರಲ್ಲಿ ಅಮೆರಿಕದ ವೈದ್ಯರು, ಹಳಸಿದ ಟೆಟ್ರಾಸೈಕ್ಲಿನ್ ಸೇವಿಸಿದ ಮೂವರ ಮೂತ್ರಪಿಂಡಗಳು ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳಲಾರದೆ ಸೋರಿಬಿಡುತ್ತಿದ್ದುದನ್ನು ವರದಿ ಮಾಡಿದರು. ಬಿಸಿ ಮತ್ತು ತೇವದಲ್ಲಿ ಔಷಧ ಒಡೆದು ಹುಟ್ಟಿದ ಇನ್ನೊಂದು ವಸ್ತು ಅದಕ್ಕೆ ಕಾರಣವಾಗಿತ್ತು. ಔಷಧ ನಿಲ್ಲಿಸಿದ ಮೇಲೆ ರೋಗಿಗಳು ಚೇತರಿಸಿಕೊಂಡರು.

ಕೆಟ್ಟದ್ದನ್ನು ಕಣ್ಣು ಮೂಗುಗಳಿಂದ ಪತ್ತೆ ಮಾಡಲು ಕೆಲವೇ ಔಷಧಗಳಲ್ಲಿ ಸಾಧ್ಯ. ಆಸ್ಪಿರಿನ್ ಬಾಟಲಿ ತೆರೆದಾಗ ವಿನೆಗರ್ ವಾಸನೆ ಬಂದರೆ ತೇವ ತಾಗಿ ಒಡೆದಿದೆ ಎಂದರ್ಥ. ಬಣ್ಣವಿಲ್ಲದ ಅಡ್ರಿನಾಲಿನ್ ಚುಚ್ಚುಮದ್ದು ನಸುಗೆಂಪಾಗಿ ಆಮೇಲೆ ಕಂದಾಗುತ್ತದೆ. ಮೂತ್ರ ಹೋಗಿಸುವ ಫ್ಯೂರೊಸೆಮೈಡ್ ಬೆಳಕಿಗೆ ಹಳದಿಯಾಗುತ್ತದೆ. ಮಸುಕು ಇನ್ಸುಲಿನ್ ವಯಲ್ಲನ್ನು ಅಂಗೈಗಳ ನಡುವೆ ಉರುಳಿಸಿದ ಮೇಲೂ ಗಾಜಿಗೆ ಬಿಳಿ ಪುಡಿ ಅಂಟಿಕೊಂಡಿದ್ದರೆ, ತಿಳಿ ಇನ್ಸುಲಿನ್ ಮಬ್ಬಾಗಿದ್ದರೆ ಎಸೆಯಬೇಕು. ಆದರೆ ಬಿಸಿಗೆ ಅರ್ಧ ಸತ್ವ ಕಳೆದುಕೊಂಡ ಆಕ್ಸಿಟೋಸಿನ್ ಮೊದಲಿನಷ್ಟೇ ತಿಳಿಯಾಗಿರುತ್ತದೆ. ನರ್ಸ್ ಹತ್ತು ಯೂನಿಟ್ ಚುಚ್ಚಿರುತ್ತಾರೆ, ತಾಯಿಯ ಮೈಗೆ ಐದೇ ಸಿಕ್ಕಿರುತ್ತದೆ. ಗರ್ಭಕೋಶ ಏಕೆ ಮುದುಡುತ್ತಿಲ್ಲ ಎಂಬುದು ಆ ಕ್ಷಣದಲ್ಲಿ ಯಾರಿಗೂ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳು 2019ರಲ್ಲಿ ಜಂಟಿ ಹೇಳಿಕೆ ನೀಡಿ, ಲಸಿಕೆ ಇಡುವ ಫ್ರಿಜ್ಜುಗಳಲ್ಲೇ ಆಕ್ಸಿಟೋಸಿನ್ನಿಗೂ ಜಾಗ ಕೊಡಲು ಸೂಚಿಸಿದ್ದು ಇದಕ್ಕೇ. ಅದರ ಹಿಂದಿನ ವರ್ಷ, ಭಾರತವೂ ಸೇರಿ ಹತ್ತು ದೇಶಗಳ ಸುಮಾರು 30,000 ಮಹಿಳೆಯರಲ್ಲಿ ನಡೆದ ಪ್ರಯೋಗದಲ್ಲಿ, ಬಿಸಿ ತಡೆಯುವ ಕಾರ್ಬೆಟೋಸಿನ್ ಎಂಬ ಔಷಧ ರಕ್ತಸ್ರಾವ ತಡೆಯುವುದರಲ್ಲಿ ಆಕ್ಸಿಟೋಸಿನ್ನಿಗೆ ಸರಿಸಾಟಿಯೆಂದು ಕಂಡುಬಂತು.

ಮನೆಯಲ್ಲಿ ಔಷಧ ದುರ್ಬಲವಾದಾಗ ಇನ್ನೊಂದು ಅಪಾಯ ಹಿಂದಿನಿಂದ ಬರುತ್ತದೆ. ಸಕ್ಕರೆ ಹತೋಟಿಗೆ ಬರುತ್ತಿಲ್ಲವೆಂದು ವೈದ್ಯರು ಇನ್ಸುಲಿನ್ನನ್ನು 20 ಯೂನಿಟ್‌ನಿಂದ 30ಕ್ಕೆ ಏರಿಸುತ್ತಾರೆ ಎನ್ನೋಣ. ಕಾರಣ ವಯಲ್ಲಿನ ದೋಷವೆಂದು ಯಾರಿಗೂ ಹೊಳೆದಿರುವುದಿಲ್ಲ. ವಾರದ ಬಳಿಕ ಹೊಸ ವಯಲ್ ಬರುತ್ತದೆ, ಪೂರ್ತಿ ಸತ್ವದ 30 ಯೂನಿಟ್ ಮೈಗೆ ಹೋಗುತ್ತದೆ, ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ, ಎಚ್ಚರ ತಪ್ಪುವುದು ಶುರುವಾಗುತ್ತದೆ. ಥೈರಾಯ್ಡ್ ಮಾತ್ರೆಯಲ್ಲೂ ಹೀಗೆಯೇ ಪ್ರಮಾಣ ಏರಿ, ಹೊಸ ಬಾಟಲಿಯ ನಂತರ ಎದೆಬಡಿತ ಹೆಚ್ಚಾಗಬಹುದು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧ ಇದ್ದಕ್ಕಿದ್ದಂತೆ ಸೋತಾಗ ರಕ್ತ ಪರೀಕ್ಷೆಯ ಚೀಟಿಯ ಜೊತೆಗೆ ಬಳಸುತ್ತಿರುವ ವಯಲ್ ಅಥವಾ ಬಾಟಲಿಯನ್ನೂ ವೈದ್ಯರ ಬಳಿ ಒಯ್ಯಬೇಕು. ಅದನ್ನು ತೆರೆದ ದಿನಾಂಕ, ಮನೆಯಲ್ಲಿ ಇಟ್ಟಿದ್ದ ಜಾಗ, ಕರೆಂಟ್ ಹೋಗಿದ್ದ ದಿನಗಳು, ಪ್ರಯಾಣ ಇವನ್ನೆಲ್ಲ ಹೇಳಬೇಕು. ವೈದ್ಯರು ಪ್ರಮಾಣ ಏರಿಸುವ ಮೊದಲು ಹೊಸ ವಯಲ್ಲಿನಿಂದ ಒಂದೆರಡು ದಿನ ನೋಡೋಣ ಎನ್ನಬಹುದು.